ಪದಚರ್ಚೆ: ‘ಲೋ ಲೆವೆಲ್ ಕೋಡ್‌’ಗೆ ಕನ್ನಡದಲ್ಲಿ ಏನೆನ್ನೋಣ?

ಬೈಕಂಪಾಡಿಯಿಂದ: ನಮಸ್ಕಾರ. ಇಲ್ಲಿನ ಒಂದು ಪಂಪ್ ಕಾರ್ಖಾನೆಯ ಸ್ಟೋರ್ಸ್‌ನವರಿಗಾಗಿ ಎಮ್‌ಆರ್‌ಪಿ ಕೈಪಿಡಿ ಬರೆಯುತ್ತಿದ್ದೇನೆ. ಬಿಒಎಮ್‌ಗೆ ‘ಸಾಮಗ್ರಿ ಪಟ್ಟಿ’ ಸಾಕು. ‘ಲೋ ಲೆವೆಲ್ ಕೋಡ್‌’ಗೆ ಮಾತ್ರ ಪದ ಸಿಗುತ್ತಿಲ್ಲ. ‘ಕೆಳಮಟ್ಟ’ ಎಂದರೆ ಮಾಲು ಕಳಪೆ ಎಂದುಕೊಳ್ಳುತ್ತಾರೆ. ‘ಕೊನೆ ಹಂತ’ ಎಂದರೆ ಫೈನಲ್ ಅಸೆಂಬ್ಲಿ ಎಂದುಕೊಳ್ಳುತ್ತಾರೆ.

ಉಡುಪಿಯಿಂದ: ನಾವು ಹಪ್ಪಳ ಮಾರುವವರು. ಎಮ್‌ಆರ್‌ಪಿ ಎಂದರೆ ಪ್ಯಾಕೆಟ್ ಮೇಲಿನ ಬೆಲೆ ಅಲ್ವಾ? ಅದಕ್ಕೂ ಮಟ್ಟಕ್ಕೂ ಎಂತ ಸಂಬಂಧ?

ಸುರತ್ಕಲ್‌ನಿಂದ: ಇದು ಬೇರೆ ಎಮ್‌ಆರ್‌ಪಿ ಮಾರಾಯ್ರೆ. ಯಾವ ಸಾಮಾನು ಎಷ್ಟು ಬೇಕು, ಯಾವಾಗ ಬೇಕು ಎಂಬ ಲೆಕ್ಕ. ಪಂಪ್ 0, ಅದರ ಕೆಳಗಿನದು 1, ಅದರ ಕೆಳಗಿನದು 2. ಸುಮ್ನೆ ‘ಹಂತ ಸಂಖ್ಯೆ’ ಎನ್ನಿ, ಸಾಕು.

ಮಣಿಪಾಲದಿಂದ: ಅರ್ಧ ಸರಿ. ಹಂತ ಸಂಖ್ಯೆ ಪಟ್ಟಿಯ ಸಾಲಿಗೆ ಸೇರಿದ್ದು. ಈ ಕೋಡ್ ಸಾಮಾನಿಗೇ ಸೇರಿದ್ದು, ಆ ಸಾಮಾನು ಬರುವ ಕಡೆಗಳಲ್ಲೆಲ್ಲ ಅತಿ ಕೆಳಗಿನ ಹಂತದ ಸಂಖ್ಯೆ. ಒಂದೇ ಬೋಲ್ಟ್ ಎರಡು ಕಡೆ ಬಂದಾಗ ವ್ಯತ್ಯಾಸ ಗೊತ್ತಾಗುತ್ತದೆ.

ಒಂದು ಪಂಪ್‌ಗೆ ಮೋಟಾರ್ ಅಸೆಂಬ್ಲಿ 1, ಬೋಲ್ಟ್ 4. ಒಂದು ಮೋಟಾರ್ ಅಸೆಂಬ್ಲಿಯೊಳಗೆ ಅದೇ ಬೋಲ್ಟ್ 6. ಆರ್ಡರ್ 100 ಪಂಪ್. ಸ್ಟಾಕ್‌ನಲ್ಲಿ ಸಿದ್ಧ ಮೋಟಾರ್ ಅಸೆಂಬ್ಲಿ 30, ಬೋಲ್ಟ್ 500. ಸಿದ್ಧ ಪಂಪ್ ಒಂದೂ ಇಲ್ಲ.

ಪಂಪ್‌ಗಳಿಗೆ ನೇರವಾಗಿ 400 ಬೋಲ್ಟ್ ಬೇಕು. ಅಲ್ಲೇ ಸ್ಟಾಕ್ ನೋಡಿದರೆ 500 ಉಂಟು, ಸಾಕು ಎನಿಸುತ್ತದೆ. ಹೊಸದಾಗಿ ಕಟ್ಟಬೇಕಾದ 70 ಮೋಟಾರ್‌ಗಳಿಗೆ 420. ಆಗಲೂ ಅದೇ 500 ನೋಡಿದರೆ ಸಾಕು ಎನಿಸುತ್ತದೆ. ಒಂದೇ ಸ್ಟಾಕನ್ನು ಎರಡು ಸಲ ಎಣಿಸಿದಂತಾಯಿತು. ನಿಜವಾಗಿ ಬೇಕಾದ್ದು 820, ಕೊರತೆ 320. ಬೋಲ್ಟ್‌ನ ಕೋಡ್ 2 ಎಂದಿದ್ದರೆ, ಎರಡನೇ ಹಂತದ ಲೆಕ್ಕ ಬರುವವರೆಗೆ ಎಮ್‌ಆರ್‌ಪಿ ಅದನ್ನು ಮುಟ್ಟುವುದಿಲ್ಲ. ಎಲ್ಲಾ ಬೇಡಿಕೆ ಸೇರಿದ ಮೇಲೆ ಒಮ್ಮೆ ಮಾತ್ರ ಸ್ಟಾಕ್ ಕಳೆಯುತ್ತದೆ.

ಅದಕ್ಕೇ ನನ್ನ ಆಯ್ಕೆ ‘ಆಳದ ಹಂತ’.

ಸುರತ್ಕಲ್‌ನಿಂದ: ಒಂದು ಪಂಪ್‌ಗೆ ಒಟ್ಟು 10 ಬೋಲ್ಟ್. 100 ಪಂಪ್‌ಗೆ 1000, ಸ್ಟಾಕ್ 500 ಕಳೆದು 500 ತರಿಸಿದರೆ ಮುಗಿಯಿತಲ್ಲ?

ಮಣಿಪಾಲದಿಂದ: 180 ಜಾಸ್ತಿ ಬರುತ್ತದೆ. ಸಿದ್ಧವಿರುವ 30 ಅಸೆಂಬ್ಲಿಗಳೊಳಗೆ ಆ ಬೋಲ್ಟ್‌ಗಳು ಆಗಲೇ ಕೂತಿವೆ. ಒಂದೊಂದು ಹಂತದಲ್ಲೂ ಸ್ಟಾಕ್ ಕಳೆದೇ ಕೆಳಗಿಳಿಯಬೇಕು.

ತಾರೀಕನ್ನೂ ನೋಡಿ. ಮೋಟಾರ್ ಕಟ್ಟಲು 5 ದಿನ ಬೇಕೆಂದರೆ, 420 ಬೋಲ್ಟ್ 5 ದಿನ ಮೊದಲೇ ಹೋಗುತ್ತದೆ. ಇರುವ ಸ್ಟಾಕ್ ಅದಕ್ಕೆ ಸಾಲುತ್ತದೆ. ಕೈಕೊಡುವುದು ಪಂಪ್ ಜೋಡಿಸುವ ದಿನ. ಉಳಿದ 80 ಇಟ್ಟುಕೊಂಡು 400 ಬೇಕೆಂದು ಕೂರಬೇಕಾಗುತ್ತದೆ. ಮೇಲಿನ ಸಾಲಿನ ಬೋಲ್ಟ್‌ಗೆ ಕೊರತೆ ಬಂದರೂ ಕಾರಣ ಕೆಳಗಿನ ಸಾಲಿನಲ್ಲಿರುತ್ತದೆ.

ಬೈಕಂಪಾಡಿಯಿಂದ: ಈ ಲೆಕ್ಕವನ್ನೇ ಕೈಪಿಡಿಗೆ ಹಾಕುತ್ತೇನೆ. ‘ಆಳದ ಹಂತ’ ಇಷ್ಟವಾಯಿತು. ಆದರೆ ‘ಹಂತ’ ಎಂದರೆ ನಮ್ಮ ಶಾಪ್‌ನಲ್ಲಿ ಕೆಲಸದ ಸರದಿ, ಮೊದಲು ಡ್ರಿಲ್ಲಿಂಗ್, ಆಮೇಲೆ ಟ್ಯಾಪಿಂಗ್ ಎಂಬ ಹಾಗೆ. ‘ಆಳದ ಮಟ್ಟ’ ಎಂದರೆ ಹೇಗೆ?

ಉಡುಪಿಯಿಂದ: ಬಾವಿಯ ನೀರು ನೆನಪಾಗುತ್ತದೆ. ‘ತಳದ ಸಾಲು’ ನೋಡಿ.