ಅಪ್‌ಡೇಟ್: ಠೇವಣಿ ಹಣದ ಮೂಲ ಕೇಳಿದ್ದಕ್ಕೆ ಕೊಟ್ಟ ಉತ್ತರ

ನನ್ನ ಪ್ರಶ್ನೆ ಹೀಗಿತ್ತು: "ಮ್ಯಾಂಚೆಸ್ಟರಿನಲ್ಲಿದ್ದೇನೆ. ಮೂರು ತಿಂಗಳಲ್ಲಿ ಆನ್‌ಲೈನ್ ಕ್ಯಾಸಿನೊಗೆ 9,000 ಪೌಂಡ್ ಹಾಕಿದೆ. ಹಣ ಎಲ್ಲಿಂದ ಬಂತು ಎಂದು ಕೇಳಿ ಖಾತೆ ತಡೆಹಿಡಿದಿದ್ದಾರೆ. ಏನು ಕೊಡಲಿ?"

ಬ್ರಿಟನ್ನಿನಲ್ಲಿ ಹಣ ಅಕ್ರಮ ವರ್ಗಾವಣೆ ತಡೆಯುವ 2017ರ ನಿಯಮಗಳು ಕ್ಯಾಸಿನೊಗಳಿಗೂ ಅನ್ವಯಿಸುವುದರಿಂದ, ಈ ಪ್ರಶ್ನೆ ನನ್ನ ಮೇಲಿನ ಆರೋಪವಲ್ಲವೆಂದು ತಿಳಿದು ಮನಸ್ಸು ಹಗುರಾಯಿತು. ಮೊದಲು ನಾನು ಕಳುಹಿಸಿದ್ದು ಬ್ಯಾಂಕ್ ಖಾತೆಯ ಬಾಕಿ ಮೊತ್ತದ ಸ್ಕ್ರೀನ್‌ಶಾಟ್. ಅದನ್ನು ಅವರು ತಿರಸ್ಕರಿಸಿದರು. ಹಣ ಇದೆ ಎಂಬುದನ್ನು ಅದು ತೋರಿಸುತ್ತದೆಯೇ ಹೊರತು, ಬಂದ ದಾರಿಯನ್ನು ತೋರಿಸುವುದಿಲ್ಲ.

ಎರಡನೆಯ ಸಲ ನನ್ನ ಹೆಸರು, ಖಾತೆ ಸಂಖ್ಯೆ ಕಾಣುವ ಮೂರು ತಿಂಗಳ ಪೂರ್ಣ ಸ್ಟೇಟ್‌ಮೆಂಟನ್ನು ಯಾವ ಸಾಲನ್ನೂ ಮುಚ್ಚದೆ ಕಳುಹಿಸಿ, ಜೊತೆಗೊಂದು ಪತ್ರ ಬರೆದೆ. ಕಾರು ಮಾರಿ ಬಂದದ್ದು 5,500 ಪೌಂಡ್, ಅದಕ್ಕೆ ಮಾರಾಟದ ರಸೀದಿ; ಸಂಬಳದಿಂದ 2,300, ಅದಕ್ಕೆ ಪೇಸ್ಲಿಪ್‌ಗಳು. ಉಳಿದ 1,200 ಅಣ್ಣನಿಂದ ಪಡೆದ ಸಾಲ. ಅದನ್ನು ಉಡುಗೊರೆ ಎಂದುಬಿಡೋಣವೆನಿಸಿತ್ತು, ಆದರೆ ಸ್ಟೇಟ್‌ಮೆಂಟಿನಲ್ಲಿ ಅಣ್ಣನ ಹೆಸರಿನ ಪಕ್ಕದಲ್ಲೇ "loan" ಎಂದಿತ್ತು. ಇಲ್ಲದಿದ್ದರೂ ಸುಳ್ಳು ಬರೆಯುವುದು ಸರಿಯಾಗುತ್ತಿರಲಿಲ್ಲ. ಸಾಲವೆಂದೇ ಬರೆದೆ.

ಆರು ದಿನಗಳ ನಂತರ ಖಾತೆ ತೆರೆಯಿತು. ಆದರೆ ಸಾಲದ ಹಣದಿಂದ ಆಡಿದ್ದನ್ನು ಗಮನಿಸಿ ತಿಂಗಳ ಠೇವಣಿಗೆ 400 ಪೌಂಡ್ ಮಿತಿ ಹಾಕಿದ್ದಾರೆ. ಇದು ನ್ಯಾಯವೆಂದೇ ನನಗನಿಸುತ್ತದೆ. ಅಣ್ಣನ ಸಾಲ ತೀರುವವರೆಗೆ ನಾನಾಗಿಯೇ ಆ ಮಿತಿಯನ್ನು ಶೂನ್ಯಕ್ಕೆ ಇಳಿಸಿದ್ದೇನೆ.