ಪಿಂಗ್ ಹೋಗುತ್ತೆ, ಆದರೆ ಫೋನಿನಲ್ಲಿ ಪ್ರಿಂಟರ್ ಕಾಣಲ್ಲ

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ 12 ಜನರ ಆಫೀಸು. ಓಪನ್‌ಡಬ್ಲ್ಯೂಆರ್‌ಟಿ ರೂಟರ್. ಹೋದ ವಾರ ಸ್ಟಾಫ್ ಫೋನುಗಳನ್ನು ವಿಲ್ಯಾನ್ 10ಕ್ಕೆ, ಪ್ರಿಂಟರ್ ಮತ್ತು ಟಿವಿಯನ್ನು 30ಕ್ಕೆ ಹಾಕಿದೆ. ಅವತ್ತಿನಿಂದ ಎರಡೂ ಫೋನಿನಲ್ಲಿ ಕಾಣ್ತಿಲ್ಲ. 192.168.30.20ಕ್ಕೆ ಪಿಂಗ್ ಮಾತ್ರ ಹೋಗುತ್ತೆ. ಏನು ತಪ್ಪಾಗಿದೆ?

ಸಿಸಿಟಿವಿ ಕೆಲಸದವರು: ಮಲ್ಟಿಕಾಸ್ಟ್ ದಾಟ್ತಿಲ್ಲ ಅಷ್ಟೇ. ಐಜಿಎಂಪಿ ಪ್ರಾಕ್ಸಿ ಆನ್ ಮಾಡಿ, ಸರಿಹೋಗುತ್ತೆ.

ನೆಟ್‌ವರ್ಕ್ ಇಂಜಿನಿಯರ್: ಮಲ್ಟಿಕಾಸ್ಟ್ ಅಂದದ್ದು ಸರಿ, ಮದ್ದು ಸರಿಯಿಲ್ಲ ಸರ್. ಐಪಿಟಿವಿಗಾದರೆ ಪ್ರಾಕ್ಸಿ ಕೆಲಸ ಮಾಡುತ್ತೆ. ಫೋನು "ಇಲ್ಲಿ ಪ್ರಿಂಟರ್ ಯಾರಾದ್ರೂ ಇದ್ದೀರಾ?" ಅಂತ ಕೂಗುವುದು 224.0.0.251 ವಿಳಾಸಕ್ಕೆ, ಯುಡಿಪಿ ಪೋರ್ಟ್ 5353ರಲ್ಲಿ. 224.0.0 ಅಂತ ಶುರುವಾಗುವ ವಿಳಾಸಗಳನ್ನು ಯಾವ ರೂಟರೂ ಆಚೆ ಕಳಿಸಬಾರದು ಅನ್ನುವುದೇ ನಿಯಮ. ಕೂಗು ಕೇಳಿಸುವುದು ಒಂದೇ ಕೋಣೆಯೊಳಗೆ. ಪ್ರಶ್ನೆ ಕೇಳಿದವರು ವಿಲ್ಯಾನ್ ಬೇರೆ ಮಾಡಿ ನಡುವೆ ಗೋಡೆ ಕಟ್ಟಿದ್ದಾರೆ. ಪಿಂಗ್‌ಗೆ ವಿಳಾಸ ಗೊತ್ತು, ಅದು ಕೂಗಬೇಕಿಲ್ಲ.

ಹಾಗಾಗಿ ಈ ಕೋಣೆಯ ಕೂಗನ್ನು ಆ ಕೋಣೆಯಲ್ಲಿ ಮತ್ತೆ ಕೂಗುವವನೊಬ್ಬ ಬೇಕು. ರೂಟರಿಗೆ ಅವಾಹಿ ಹಾಕಿಕೊಂಡು, `/etc/avahi/avahi-daemon.conf` ಫೈಲಿನಲ್ಲಿ ಹೀಗೆ ಮಾಡಿ:

```
[server]
allow-interfaces=br-lan.10,br-lan.30

[reflector]
enable-reflector=yes
```

ಇಂಟರ್‌ಫೇಸ್ ಹೆಸರು ನಿಮ್ಮಲ್ಲಿ ಬೇರೆ ಇರಬಹುದು, ನೋಡಿ ಹಾಕಿ. ಎರಡೂ ವಿಲ್ಯಾನ್‌ನಿಂದ ರೂಟರಿಗೇ ಬರುವ ಯುಡಿಪಿ 5353ಕ್ಕೆ ಫೈರ್‌ವಾಲ್‌ನಲ್ಲಿ ಅನುಮತಿ ಕೊಡಿ. ಜಾಸ್ತಿ ಜನ ಮರೆಯುವುದು ಇದನ್ನೇ. ಹೀಗೆ ಮತ್ತೆ ಕೂಗುವವನು ಇಡೀ ನೆಟ್‌ವರ್ಕಿಗೆ ಒಬ್ಬನೇ ಸಾಕು. ಇಬ್ಬರಿದ್ದರೆ ಒಬ್ಬರ ಕೂಗನ್ನು ಇನ್ನೊಬ್ಬರು ಕೂಗುತ್ತಾ ಕೂರುತ್ತಾರೆ.

ಹೋಮ್‌ಸ್ಟೇ ನಡೆಸುವವರು: ನಮ್ಮಲ್ಲೂ ಗೆಸ್ಟ್ ವೈಫೈಯಲ್ಲಿ ಟಿವಿ ಕಾಣಲ್ಲ. ಆದ್ರೆ ನಮ್ಮಲ್ಲಿ ವಿಲ್ಯಾನೇ ಇಲ್ಲ!

ನೆಟ್‌ವರ್ಕ್ ಇಂಜಿನಿಯರ್: ನಿಮ್ಮದು ಬೇರೆ ಕತೆ ಮೇಡಂ. ಗೆಸ್ಟ್ ವೈಫೈಯಲ್ಲಿ ಒಂದು ಸಾಧನ ಇನ್ನೊಂದನ್ನು ತಲುಪದಂತೆ ತಡೆಯುವ ಕ್ಲೈಂಟ್ ಐಸೊಲೇಶನ್ ಆನ್ ಇರಬೇಕು, ನೋಡಿ.

ಕೇಳಿದವರು: ಸರ್, ಹೆಸರು ಬಂತು! ಆದ್ರೆ ಪ್ರಿಂಟ್ ಕೊಟ್ಟರೆ ಸುಮ್ನೆ ಸುತ್ತುತ್ತಾ ಇರುತ್ತೆ. ಟಿವಿಗೂ ಕನೆಕ್ಟ್ ಆಗ್ತಿಲ್ಲ.

ನೆಟ್‌ವರ್ಕ್ ಇಂಜಿನಿಯರ್: ಅವಾಹಿ ಹೆಸರು ಮತ್ತು ವಿಳಾಸವನ್ನಷ್ಟೇ ದಾಟಿಸುತ್ತೆ. ಆಮೇಲೆ ಫೋನು ನೇರವಾಗಿ ಹೋಗಿ ಬಾಗಿಲು ತಟ್ಟುತ್ತೆ. ನಿಮ್ಮ ಫೈರ್‌ವಾಲ್ ಪಿಂಗ್ ಬಿಟ್ಟು ಉಳಿದದ್ದನ್ನು ತಡೆಯುತ್ತಿದೆ ಅನ್ಸುತ್ತೆ. 10ರಿಂದ 30ಕ್ಕೆ ಪ್ರಿಂಟರಿಗೆ ಟಿಸಿಪಿ 631, ಕ್ರೋಮ್‌ಕಾಸ್ಟ್ ಇರುವ ಟಿವಿಗೆ 8008, 8009 ಮತ್ತು 8443 ಬಿಡಿ. 30ರಿಂದ 10ಕ್ಕೆ ಹೊಸದಾಗಿ ಏನೂ ಬಿಡಬೇಡಿ, ಬೇರೆ ಮಾಡಿದ್ದೇ ಅದಕ್ಕೆ ಅಲ್ವಾ?

ಕೇಳಿದವರು: ಪ್ರಿಂಟ್ ಬಂತು ಸರ್, ಟಿವಿನೂ ಆಯ್ತು. ಒಳಕೋಣೆಯ ಆಕ್ಸೆಸ್ ಪಾಯಿಂಟ್‌ನಲ್ಲಿ ಮಾತ್ರ ನಾಲ್ಕೈದು ನಿಮಿಷಕ್ಕೆ ಹೆಸರು ಮತ್ತೆ ಮಾಯ.

ನೆಟ್‌ವರ್ಕ್ ಇಂಜಿನಿಯರ್: ಅವಾಹಿಯದ್ದಾಗಿದ್ದರೆ ಎಲ್ಲ ಕಡೆ ಮಾಯವಾಗಬೇಕಿತ್ತು. ಮಲ್ಟಿಕಾಸ್ಟನ್ನು ಕೇಳಿದ ಪೋರ್ಟಿಗಷ್ಟೇ ಕಳಿಸುವ, ಆ ಕಡೆಯ ಸ್ವಿಚ್ಚಿನ ಐಜಿಎಂಪಿ ಸ್ನೂಪಿಂಗ್ ಮೇಲೆ ನನಗೆ ಅನುಮಾನ. 224.0.0.251ಕ್ಕೆ ಹೋಗುವ ಕೂಗನ್ನು ಸ್ವಿಚ್ಚು ಎಲ್ಲ ಪೋರ್ಟಿಗೂ ಕಳಿಸಬೇಕು, ಕೆಲವು ಕಳಿಸಲ್ಲ. ಒಂದು ದಿನ ಸ್ನೂಪಿಂಗ್ ಆಫ್ ಮಾಡಿ ನೋಡಿ. ಹೆಸರು ಮಾಯವಾದ ಹೊತ್ತಲ್ಲಿ ಅದೇ ವೈಫೈಗೆ ಸೇರಿದ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಇದನ್ನು ಓಡಿಸಿ:

```
avahi-browse -rt _ipp._tcp
```

ಏನು ಬಂತು ಅಂತ ಇಲ್ಲೇ ಹಾಕಿ.

ಕೇಳಿದವರು: ಸೋಮವಾರ ನೋಡ್ತೀನಿ ಸರ್. ಆ ಸ್ವಿಚ್ಚಿನ ಪಾಸ್‌ವರ್ಡ್ ಹಳೇ ವೆಂಡರ್ ಹತ್ರ ಇದೆ.