9!ರ ಕೊನೆಯಲ್ಲಿ 12ರ ಆಧಾರದಲ್ಲಿ ಎಷ್ಟು ಸೊನ್ನೆ? ನನ್ನ ಕೋಡ್ ತಪ್ಪು ಹೇಳುತ್ತಿದೆ

ಶೇಷ_ಸೊನ್ನೆ: n! ಅನ್ನು b ಆಧಾರದಲ್ಲಿ ಬರೆದರೆ ಕೊನೆಗೆ ಎಷ್ಟು ಸೊನ್ನೆ ಬರುತ್ತದೆ ಅಂತ ಎಣಿಸುವ ಕೋಡ್ ಇದು. b = 10 ಆದಾಗ ಸರಿ ಇದೆ, 100!ಕ್ಕೆ 24 ಬರುತ್ತದೆ. ಆದರೆ 9!, 12ಕ್ಕೆ 4 ಅನ್ನುತ್ತದೆ. ಕೈಯಲ್ಲಿ ಭಾಗಿಸಿ ನೋಡಿದೆ: 362880 ಅನ್ನು 12ರಿಂದ ಮೂರು ಸಲ ಭಾಗಿಸಿದರೆ 210 ಉಳಿಯುತ್ತದೆ, ಅದು ಮತ್ತೆ ಭಾಗ ಹೋಗುವುದಿಲ್ಲ. ಅಂದರೆ 3 ಬರಬೇಕು.

```python
p = max(prime_factors(b))
c = 0
while n:
    n //= p
    c += n
```

ಲೂಪ್_ಮನೆ: ಲೂಪ್ ಸರಿಯಾಗಿದೆ. ದೊಡ್ಡ ಅವಿಭಾಜ್ಯ ಸಂಖ್ಯೆಯೇ ಕಡಿಮೆ ಸಲ ಸಿಗುವುದು, ಹಾಗಾಗಿ ಅದನ್ನು ಎಣಿಸಿದರೆ ಸಾಕು. 12ರಲ್ಲಿ ಅದು 3. ಕೈಲೆಕ್ಕ ಇನ್ನೊಮ್ಮೆ ನೋಡಿ.

ಹಳೆಬೇರು: ಕೈಲೆಕ್ಕ ಸರಿಯೇ ಇದೆ. ದೊಡ್ಡದನ್ನೇ ಎಣಿಸುವ ಉಪಾಯ 10ಕ್ಕೆ ನಡೆಯುತ್ತದೆ, ಯಾಕೆಂದರೆ ಅಲ್ಲಿ 2, 5 ಒಂದೊಂದೇ ಸಲ ಬೇಕು. 12ಕ್ಕೆ ಹಾಗಲ್ಲ, ಒಂದು 3ರ ಜೊತೆ ಎರಡು 2 ಬೇಕು. 9!ರಲ್ಲಿ 3 ಎಷ್ಟು ಸಲ ಇದೆ? 3 + 1, ಅಂದರೆ 4. 2 ಎಷ್ಟು ಸಲ? 4 + 2 + 1, ಅಂದರೆ 7. ಏಳರಲ್ಲಿ ಮೂರೇ ಜೋಡಿ ಆಗುತ್ತದೆ, ಒಂದು 2 ಒಂಟಿಯಾಗಿ ಉಳಿಯುತ್ತದೆ. ಉತ್ತರ 3. ಅದೇ 8!ಕ್ಕೆ ಬನ್ನಿ, 2 ಆಗಲೂ ಏಳು ಸಲವೇ, ಆದರೆ 3 ಬರುವುದು ಎರಡೇ ಸಲ, ಹಾಗಾಗಿ ಅಲ್ಲಿ 3 ತಡೆಯುತ್ತದೆ, ಉತ್ತರ 2. ಪಕ್ಕಪಕ್ಕದ ಎರಡು ಸಂಖ್ಯೆಗಳಲ್ಲೇ ತಡೆಯುವವರು ಬದಲಾದರು ನೋಡಿ! ಹಾಗಾಗಿ ಯಾವುದನ್ನೂ ಮೊದಲೇ ಆರಿಸಬೇಡಿ. ಪ್ರತಿ ಅವಿಭಾಜ್ಯವನ್ನೂ ಎಣಿಸಿ, ಅದರ ಘಾತದಿಂದ ಭಾಗಿಸಿ, ಕನಿಷ್ಠವನ್ನು ತೆಗೆದುಕೊಳ್ಳಿ:

```python
min(count(n, p) // e for p, e in factors(b))
```

ಅಂಕಿ_ಬಿಂದು: ನನ್ನದೂ ಇದೇ ತೊಂದರೆ ಅನ್ನಿಸುತ್ತದೆ. 100!ಕ್ಕೆ ನನಗೆ 20 ಸೊನ್ನೆ ಮಾತ್ರ ಬರುತ್ತಿದೆ, ಆಧಾರ 10ರಲ್ಲೇ.

ಹಳೆಬೇರು: ಇದು ಬೇರೆ ತೊಂದರೆ. ನೀವು ಸುಮ್ನೆ ಒಂದು ಸಲ 5ರಿಂದ ಭಾಗಿಸಿ ನಿಲ್ಲಿಸಿದ್ದೀರಿ, ಅಲ್ವಾ? 25, 50, 75, 100ರಲ್ಲಿ ಎರಡೆರಡು 5 ಇವೆ, ಆ ನಾಲ್ಕು ಬಿಟ್ಟುಹೋಗಿವೆ. ಭಾಗಲಬ್ಧ ಸೊನ್ನೆ ಆಗುವವರೆಗೂ ಭಾಗಿಸುತ್ತಾ ಹೋಗಿ.

ಲೂಪ್_ಮನೆ: ಹೌದು, ಘಾತ ನನಗೆ ಹೊಳೆದಿರಲಿಲ್ಲ. ಹಾಗಿದ್ದರೆ 8ರ ಆಧಾರಕ್ಕೂ ನಾನು ಹೇಳಿದ್ದು ತಪ್ಪಾಗುತ್ತದೆ, ಅಲ್ಲಿ 2ರ ಎಣಿಕೆಯನ್ನು 3ರಿಂದ ಭಾಗಿಸಬೇಕು.

ಶೇಷ_ಸೊನ್ನೆ: ಬದಲಾಯಿಸಿದೆ. 8!ಕ್ಕೆ 2, 9!ಕ್ಕೆ 3, ಎರಡೂ ಸರಿಯಾಗಿ ಬಂದವು. n ದೊಡ್ಡದಾದಂತೆ ಯಾರಾದರೂ ಒಬ್ಬರೇ ಗೆದ್ದುಬಿಡುತ್ತಾರಾ?

ಹಳೆಬೇರು: 12ಕ್ಕೆ ಇಲ್ಲ. 2ರ ಜೋಡಿಗಳೂ 3ಗಳೂ ಎರಡೂ ಸುಮಾರು n/2ರಷ್ಟೇ ಇರುತ್ತವೆ. n ಸರಿಯಾಗಿ 3ರ ಘಾತವೇ ಆದಾಗ (9, 27, 81 ಹೀಗೆ) 2 ತಡೆಯುತ್ತದೆ, ಅದಕ್ಕೆ ಕೊನೆಯಿಲ್ಲ. ಒಟ್ಟಿನಲ್ಲಿ ಯಾವುದು ಜಾಸ್ತಿ ಸಲ ತಡೆಯುತ್ತದೆ ಅಂತ ಒಂದು ಲಕ್ಷದವರೆಗೆ ಓಡಿಸಿ ಎಣಿಸಿ ಹಾಕಿ, ನನಗೂ ನೋಡಬೇಕು.